ಜರಿಯ ನಡುವೆ ಒಂದು ಕಪ್ಪು ಗಂಟು

ಮದ್ದೂರಿನಲ್ಲಿ ಮದುವೆ ಹೆಣ್ಣುಗಳಿಗೆ ಮೊಡವೆ ಇಲ್ಲದಂತೆ ಮಾಡಿದವಳು ನಾನು. ಜಂಬಕ್ಕೆ ಹೇಳುತ್ತಿಲ್ಲ, ಅದೇ ನನ್ನ ಕಸುಬು. ನನ್ನ ಗಂಡ ಮದುವೆಗಳಿಗೆ ಹೋಗಿ ಫೋಟೊ ತೆಗೆಯುತ್ತಾರೆ, ಬಸ್ ಸ್ಟ್ಯಾಂಡಿನ ಹತ್ತಿರದ ನಮ್ಮ ಸ್ಟುಡಿಯೋದಲ್ಲಿ ಕೂತು ನಾನು ಒರೆಸುತ್ತೇನೆ. ಮೊಡವೆ, ಬೆವರು, ಕಣ್ಣ ಕೆಳಗಿನ ಕಪ್ಪು, ಸೀರೆಗೆ ಮೆತ್ತಿದ ಅಕ್ಕಿಕಾಳು, ಮಾವನವರ ಬಿಳಿ ಪಂಚೆಯ ಮೇಲೆ ಕೂತ ನೊಣ, ಎಲ್ಲವೂ ಹೋಗುತ್ತವೆ. ಹನ್ನೆರಡು ವರ್ಷ ಇದೇ ಕೆಲಸ ಮಾಡಿದ ಮೇಲೆ ಬೆರಳು ತಲೆಯನ್ನು ಕೇಳುವುದನ್ನೇ ಬಿಟ್ಟುಬಿಡುತ್ತದೆ. ಕಪ್ಪು ಚುಕ್ಕೆ ಕಂಡಿತೋ, ಮೌಸ್ ಒತ್ತಿದೆ, ಹೋಯಿತು.

ಒಂದು ಸಲ ಆತಗೂರಿನ ಮಗುವಿನ ಫೋಟೊದಲ್ಲಿ ಕೆನ್ನೆಯ ದೃಷ್ಟಿ ಬೊಟ್ಟನ್ನೂ ಒರೆಸಿಬಿಟ್ಟಿದ್ದೆ. ಅದರ ಅಜ್ಜಿ ಸ್ಟುಡಿಯೋಗೆ ಬಂದು, ಅಕ್ಕಪಕ್ಕದ ಅಂಗಡಿಯವರೆಲ್ಲ ಕೆಲಸ ಬಿಟ್ಟು ನೋಡುವ ಹಾಗೆ ಬೈದು ಹೋಗಿದ್ದರು. ಅಂದಿನಿಂದ ಮಕ್ಕಳ ಕೆನ್ನೆಯ ವಿಷಯದಲ್ಲಿ ಹುಷಾರಾಗಿದ್ದೆ. ದೃಷ್ಟಿ ಬೊಟ್ಟು ಕೆನ್ನೆಯ ಮೇಲೆ ಮಾತ್ರ ಇರುತ್ತದೆ ಎಂದುಕೊಂಡಿದ್ದೆ.

ಬೆಸಗರಹಳ್ಳಿಯ ಆ ಹೆಂಗಸು ಬಂದದ್ದು ಒಂದು ಸೋಮವಾರ. ಮೂವತ್ತರ ಆಸುಪಾಸು. ರವಿಕೆಗಳಿಗೆ ಆರಿ ವರ್ಕ್ ಮಾಡುವವಳು. ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ಕೊಕ್ಕೆ ಮೂತಿಯ ಸೂಜಿಯಿಂದ ಜರಿ ದಾರವನ್ನು ಕೆಳಗಿನಿಂದ ಮೇಲಕ್ಕೆ ಎಳೆದೆಳೆದು ಸರಪಳಿಯ ಹಾಗೆ ಹೊಲಿಯುವ ಕೆಲಸ. ಅಲ್ಲಿಯವರೆಗೆ ಮನೆಯಲ್ಲೇ ಮಾಡುತ್ತಿದ್ದವಳು ಈಗ ಮದ್ದೂರಿನಲ್ಲಿ ಒಂದು ಮಳಿಗೆ ಹಿಡಿದಿದ್ದಳು. ಮುಂದಿನ ವಾರದ ಶುಕ್ರವಾರ ಪೂಜೆ.

"ಅಕ್ಕ, ಪೂರಿಗಾಲಿ ಹುಡುಗಿ ಮದ್ವೆ ಫೋಟೊ ನೀವೇ ಅಲ್ವಾ ತೆಗ್ದಿದ್ದು? ನವಿಲು ತೋಳಿನ ರವಿಕೆ?"

ನೆನಪಿತ್ತು. ಮಳವಳ್ಳಿಯ ಚೌಲ್ಟ್ರಿಯಲ್ಲಿ ಆದ ಮದುವೆ. ಹಸಿರು ರವಿಕೆ, ಬಲತೋಳಿನ ತುಂಬ ಜರಿಯ ನವಿಲು. ಅದು ಇವಳ ಕೈಕೆಲಸ ಎಂದು ನನಗೆ ಗೊತ್ತಾದದ್ದು ಆವತ್ತೇ.

"ಆ ತೋಳು ಮಾತ್ರ ನಾಕಡಿ ಅಗ್ಲಕ್ಕೆ ದೊಡ್ಡದು ಮಾಡ್ಕೊಡಿ. ಹುಡುಗಿ ಮುಖ ಬ್ಯಾಡ. ಹಿಂದ್ಗಡೆ ಚೌಲ್ಟ್ರಿ ತೆಗ್ದುಬುಡಿ. ದಾರ ದಾರನೂ ಕಾಣ್ಬೇಕು."

"ರವಿಕೆಯನ್ನೇ ಇಸ್ಕೊಂಡು ಬಾಮ್ಮ, ಹೊಸದಾಗಿ ಫೋಟೊ ತೆಗೆಯೋಣ" ಎಂದೆ.

ರವಿಕೆ ಇಲ್ಲ ಎಂದಳು. ಮದುವೆಯಾದ ಎರಡು ತಿಂಗಳಿಗೆ ಆ ಹುಡುಗಿ ಅದೇ ರವಿಕೆ ತೊಟ್ಟು ಯಾರದೋ ನಾಮಕರಣಕ್ಕೆ ಹೋಗಿ ಬರುವಾಗ ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡಳಂತೆ. ಆಸ್ಪತ್ರೆಯಲ್ಲಿ ರವಿಕೆಯ ತೋಳನ್ನು ಕತ್ತರಿಸಿ ತೆಗೆದರಂತೆ. ಉಳಿದದ್ದನ್ನು ಹುಡುಗಿಯ ಅಜ್ಜಿ ಒಲೆಗೆ ಹಾಕಿದರಂತೆ.

ಆಮೇಲೆ ನಿಜವಾದ ವಿಷಯಕ್ಕೆ ಬಂದಳು. ಅವಳಿಗೆ ಈ ಕೆಲಸ ಕಲಿಸಿದವರು ಮಂಡ್ಯದ ಸಾಬರ ಮನೆಯ ಒಬ್ಬ ಹಿರಿಯ ಹೆಂಗಸು. ಮದುಮಗಳ ರವಿಕೆ ಎಷ್ಟು ಚೆನ್ನಾಗಿ ಬಂದರೂ ಅದರಲ್ಲಿ ಎಲ್ಲಾದರೂ ಒಂದು ಕಪ್ಪು ದಾರದ ಗಂಟು ಹಾಕಬೇಕು, ನೋಡಿದವರ ಕಣ್ಣು ಹುಡುಗಿಗೆ ತಾಕಬಾರದು ಎಂದು ಅವರು ಹೇಳಿಕೊಟ್ಟಿದ್ದರು. ಇವಳು ಒಂದು ರವಿಕೆಗೂ ತಪ್ಪಿಸಿರಲಿಲ್ಲ. ಎಲ್ಲಿ ಹಾಕಿದ್ದೇನೆ ಎಂದು ಮದುವೆ ಮನೆಯವರಿಗೆ ಹೇಳುವಂತಿಲ್ಲ, ಹಾಕಿದ್ದೇನೆ ಎಂದು ಮಾತ್ರ ಅಲ್ಲಿನ ಹಿರಿಯರಿಗೆ ಹೇಳಬೇಕು. ಪೂರಿಗಾಲಿಯ ಅಜ್ಜಿಗೂ ಹೇಳಿದ್ದಳು. ಮೊಮ್ಮಗಳ ಕೈ ಮುರಿದ ಮೇಲೆ ಅಜ್ಜಿ ಮದುವೆ ಆಲ್ಬಂ ತೆಗೆದು, ಭೂತಗನ್ನಡಿ ಹಿಡಿದು, ತೋಳಿನ ಉದ್ದಗಲವನ್ನೂ ಹುಡುಕಿದರು. ಗಂಟು ಸಿಗಲಿಲ್ಲ.

"ಸುಳ್ಳಿ ಅಂದ್ಬುಟ್ರು ಅಕ್ಕ. ಊರ್ಗೆಲ್ಲ ಹೇಳವ್ರೆ. ಪೂರಿಗಾಲಿಯಿಂದ ಒಂದು ರವಿಕೇನೂ ಬತ್ತಿಲ್ಲ, ಸುತ್ತ ನಾಕಳ್ಳಿಯಿಂದಾನೂ ಬತ್ತಿಲ್ಲ. ನಾನು ಆಕಿವ್ನಿ ಕಣಕ್ಕ. ನವಿಲಿನ ಮೂರ್ನೇ ಗರಿ ಕಣ್ಣಿನ ಕೆಳಗ್ಡೆ. ಸಣ್ಣ ಫೋಟೊದಾಗೆ ಕಂಡಿಲ್ಲ ಅಷ್ಟೆ. ದೊಡ್ಡದು ಮಾಡಿದ್ರೆ ಕಾಣ್ತದೆ."

ಅವಳು ಇಷ್ಟೆಲ್ಲ ಹೇಳುವಾಗ ನಾನು ಇನ್ನೊಬ್ಬರ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದೆ. ಅಯ್ಯೋ ಪಾಪ, ಮಾಡ್ಕೊಡ್ತೀನಿ ಬಿಡು ಎಂದೆ. ಅವಳ ಮಾತು ನನ್ನ ಒಂದು ಕಿವಿಯಲ್ಲಿ ಹೊಕ್ಕು ಅಲ್ಲೇ ಎಲ್ಲೋ ಕೂತಿತ್ತು.

ಮಾರನೇ ದಿನ ಕೆಲಸಕ್ಕೆ ಕೂತೆ. ಸುಲಭಕ್ಕೆ ಸಿಕ್ಕಿದ್ದು ಆಲ್ಬಮ್ಮಿನ ಫೈಲು. ಒಂದು ಪುಟದಲ್ಲಿ ನಾಲ್ಕು ಫೋಟೊ ಕೂರಿಸಲು ಚಿಕ್ಕದು ಮಾಡಿ, ಮುಖ ನಯ ಮಾಡಿ, ಬಣ್ಣ ತಿದ್ದಿ ಮುಗಿಸಿದ್ದ ಫೈಲು. ತೋಳನ್ನಷ್ಟೇ ಕತ್ತರಿಸಿ ತೆಗೆದಾಗ ಅದು ಪರದೆಯ ಮೇಲೆ ಅಂಗೈಯಷ್ಟಿತ್ತು. ಚೌಲ್ಟ್ರಿ ತೆಗೆದು ಹಿಂದೆ ಕೆನೆ ಬಣ್ಣ ಹಾಕಿದೆ. ನಾಲ್ಕು ಅಡಿಗೆ ಬರಬೇಕಾದರೆ ಹನ್ನೆರಡು ಪಟ್ಟು ಹಿಗ್ಗಿಸಬೇಕು. ಹಿಗ್ಗಿಸುವ ಸಾಫ್ಟ್‌ವೇರಿಗೆ ಹಾಕಿ, ಕಾಫಿ ಕುಡಿದು ಬಂದು ನೋಡಿದರೆ ನವಿಲು ಕರಗಿ ಹೋಗಿತ್ತು. ಜರಿಯ ಸರಪಳಿ ಇದ್ದ ಕಡೆ ಹಳದಿ ಗೆರೆ ಮಾತ್ರ ಇತ್ತು, ದೋಸೆಯ ಮೇಲೆ ಬೆಣ್ಣೆ ಸವರಿದ ಹಾಗೆ. ಗೆರೆ ಚೂಪಾಗಿ ಕಾಣಲಿ ಎಂದು ಹರಿತ ಹೆಚ್ಚಿಸಿದೆ. ಬೆಣ್ಣೆಯ ಸುತ್ತ ಬಿಳಿ ಅಂಚು ಬಂತು.

ಇನ್ನೊಂದು ಸಾಫ್ಟ್‌ವೇರು ಇತ್ತು. ಅದು ಇಲ್ಲದ ವಿವರವನ್ನೂ ತಾನೇ ಬರೆದು ತುಂಬುತ್ತದೆ. ಮುದುಕರ ಹಳೇ ಫೋಟೊಗಳಿಗೆ ಅದನ್ನು ಬಳಸುತ್ತಿದ್ದೆ. ಹುಬ್ಬಿಲ್ಲದ ತಾತಂದಿರಿಗೆ ಹುಬ್ಬು ಬರುತ್ತಿತ್ತು, ಯಾರೂ ದೂರು ಹೇಳಿರಲಿಲ್ಲ. ಅದಕ್ಕೆ ಹಾಕಿದೆ. ಈ ಸಲ ಬಂದ ನವಿಲನ್ನು ನೋಡಿ ನನಗೇ ಕಣ್ಣು ತುಂಬಿ ಬಂತು. ಒಂದೊಂದು ಗರಿ, ಒಂದೊಂದು ಮಣಿ, ಒಂದೊಂದು ಎಳೆ ಫಳಫಳ. ನನ್ನ ಗಂಡನನ್ನು ಕರೆದು ತೋರಿಸಿದೆ. ಅವರು ತಮ್ಮ ಕ್ಯಾಮೆರಾ ಒಳ್ಳೇದು ಎಂದರು.

ಅವಳಿಗೆ ಫೋನ್ ಮಾಡಿದೆ. ಬೆಸಗರಹಳ್ಳಿ ಬಸ್ಸು ಹಿಡಿದು ಬಂದಳು. ಕುರ್ಚಿ ಎಳೆದುಕೊಂಡು ಪರದೆಗೆ ಒಂದು ಗೇಣು ದೂರದಲ್ಲಿ ಕೂತು ಮೇಲಿನಿಂದ ಕೆಳಗೆ ನೋಡಿದಳು. ನಾನು ಹೊಗಳಿಕೆಗೆ ಕಾಯುತ್ತಿದ್ದೆ.

"ಇದು ನಂದಲ್ಲ ಕಣಕ್ಕ" ಎಂದಳು.

ನಿನ್ನದೇ, ದೊಡ್ಡದಾಗಿದೆ ಅಷ್ಟೆ ಎಂದೆ. ಅವಳು ಬ್ಯಾಗಿನಿಂದ ಆರಿ ಸೂಜಿ ತೆಗೆದು, ಗಾಜಿಗೆ ತಾಕದ ಹಾಗೆ ಒಂದು ಎಳೆಯ ಮೇಲೆ ಹಿಡಿದಳು. "ಈ ದಾರ ನೋಡಿ. ಇಲ್ಲಿಂದ ಬತ್ತದೆ, ಇಲ್ಲಿಗಂಟ ಸರಪಳಿ. ಇಲ್ಲಿ ಈ ಎಲೆ ಒಳಿಕ್ಕೆ ಓಯ್ತದೆ. ಆಚೆಗೆ ಎಲ್ಲಿ ಬತ್ತದೆ? ಬರೋದೇ ಇಲ್ಲ. ಇಲ್ಲಿ ಸರಪಳಿ ಆಕಿದ್ದೆ, ಇದು ಗಂಟು ಗಂಟು ತೋರಿಸ್ತಾ ಐತೆ. ಈ ಮಣಿಗೆ ದಾರವೇ ಇಲ್ಲ, ಅದ್ಯಾತರ ಮೇಲೆ ಕುಂತದೆ?"

ನೋಡಿದೆ. ಅವಳು ಹೇಳಿದ ಮೇಲೆ ಕಂಡಿತು. ಬರೀ ಹೊಳಪಿತ್ತು, ಹೊಲಿಗೆ ಇರಲಿಲ್ಲ.

"ಜನ ಫೋನಾಗೆ ಇಂತವೇ ಚಿತ್ರ ತತ್ತಾರೆ ಅಕ್ಕ. ಇಂಗೇ ಮಾಡ್ಕೊಡು ಅಂತಾರೆ. ಯಾರ ಕೈಲೂ ಆಗಕಿಲ್ಲ. ಆಗಕಿಲ್ಲ ಅಂದ್ರೆ ನಿಂಗೆ ಬರಕಿಲ್ಲ ಬುಡು ಅಂತಾರೆ. ಈಗ ನನ್ನಂಗಡಿ ಮುಂದೆ ನಾನೇ ತಗಲಾಕ್ಲಾ?"

ಆಮೇಲೆ ಸೂಜಿ ನವಿಲಿನ ಮೂರನೇ ಗರಿಗೆ ಬಂತು. ಗರಿಯ ಕಣ್ಣಿನ ಕೆಳಗೆ ನಿಂತಿತು. ಅಲ್ಲಿ ಅಪ್ಪಟ ಚಿನ್ನದ ಎಳೆಗಳು ಸಾಲಾಗಿ ಮಲಗಿದ್ದವು.

"ಗಂಟಿಲ್ಲ" ಎಂದಳು. ದನಿಯಲ್ಲಿ ಕೋಪ ಇರಲಿಲ್ಲ. ತಾನೇ ಹಾಕಲಿಲ್ಲವೇನೋ ಎಂಬ ಅನುಮಾನ ಅವಳಿಗೇ ಬಂದ ಹಾಗಿತ್ತು.

"ಸಾಫ್ಟ್‌ವೇರು ತಿಂದಿದೆ ಕಣಮ್ಮ. ಸಣ್ಣದು ಕಂಡ್ರೆ ಕೊಳೆ ಅಂತ ತೆಗೆದುಬಿಡುತ್ತೆ" ಎಂದೆ. ನಾನು ಹೇಳಿದ್ದು ಸುಳ್ಳಲ್ಲ. ಮುಖ ನಯ ಮಾಡುವ ಸಾಫ್ಟ್‌ವೇರುಗಳಿಗೆ ಜರಿಯ ಮಿನುಗು ಕತ್ತಲಲ್ಲಿ ತೆಗೆದ ಫೋಟೊದ ಕಾಳುಕಾಳಿನ ಹಾಗೇ ಕಾಣುತ್ತದೆ, ಎರಡನ್ನೂ ಒಟ್ಟಿಗೆ ಒರೆಸುತ್ತವೆ. "ಮೂಲ ಫೋಟೊ ನೋಡೋಣ ಇರು."

ಮೂಲ ಎಂದರೆ ಕ್ಯಾಮೆರಾದಿಂದ ಇಳಿಸಿದ, ಯಾರೂ ಕೈಯಿಡದ ಫೈಲು. ನನ್ನ ಗಂಡ ಅವನ್ನೆಲ್ಲ ಹಾರ್ಡ್ ಡಿಸ್ಕುಗಳಲ್ಲಿ ತುಂಬಿ ಒಂದು ಬಿಸ್ಕತ್ ಡಬ್ಬದಲ್ಲಿಟ್ಟಿದ್ದಾರೆ. ಹುಡುಕಿ ತಂದು ಕೊಟ್ಟು, ಅವರು ಬ್ಯಾಟರಿ ಚಾರ್ಜಿಗೆ ಹಾಕುವ ನೆಪದಲ್ಲಿ ಅಲ್ಲೇ ನಿಂತರು. ಫೋಟೊ ತೆರೆದೆ. ಹುಡುಗಿ ಹಾರ ಹಾಕಲು ಬಲಗೈ ಎತ್ತಿದ್ದಾಳೆ. ಸೊಂಟದಿಂದ ಮೇಲಕ್ಕೆ ತೆಗೆದ ಚಿತ್ರ, ತೋಳು ಎದುರಿಗೇ ಇದೆ. ಆಲ್ಬಮ್ಮಿನ ಫೈಲಿಗಿಂತ ನಾಲ್ಕು ಪಟ್ಟು ದೊಡ್ಡದು. ಮೂರನೇ ಗರಿಗೆ ಹೋದೆ.

ಗಂಟು ಇತ್ತು. ಕಪ್ಪಗೆ, ಗುಂಡಗೆ, ಯಾವ ಸಂಶಯಕ್ಕೂ ಜಾಗವಿಲ್ಲದ ಹಾಗೆ.

ಅವಳು ಮೂಗು ಒರೆಸಿಕೊಂಡಳು. ನಾನು ನನ್ನ ಬುದ್ಧಿವಂತಿಕೆ ತೋರಿಸಲು ಹೋದೆ. ಇದು ಯಾವ ಹಂತದಲ್ಲಿ ಹೋಯಿತು ನೋಡು ಎಂದು ಆಲ್ಬಮ್ಮಿನ ಕೆಲಸದ ಫೈಲನ್ನೂ ಪಕ್ಕದಲ್ಲಿ ತೆರೆದೆ. ಅದರಲ್ಲಿ ನಾನು ಮಾಡಿದ ಒಂದೊಂದು ತಿದ್ದುಪಡಿಯೂ ಒಂದರ ಮೇಲೊಂದು ಪದರವಾಗಿ ಇರುತ್ತದೆ. ಬೇಕಾದ ಪದರವನ್ನು ಮುಚ್ಚಿ ಆ ತಿದ್ದುಪಡಿ ಇಲ್ಲದಂತೆ ನೋಡಬಹುದು, ಮತ್ತೆ ತೆರೆಯಬಹುದು. ಬಣ್ಣದ ಪದರ ಮುಚ್ಚಿದೆ. ಗಂಟು ಬರಲಿಲ್ಲ. ನಯ ಮಾಡಿದ ಪದರ ಮುಚ್ಚಿದೆ. ಬರಲಿಲ್ಲ. ಉಳಿದದ್ದು ಒಂದೇ ಪದರ, ಮೊಡವೆ, ಅಕ್ಕಿಕಾಳು, ನೊಣಗಳನ್ನು ಕೈಯಾರೆ ಒರೆಸಿದ್ದು. ಮುಚ್ಚಿದೆ. ಹುಡುಗಿಯ ಗಲ್ಲದ ಮೇಲೆ ಎರಡು ಮೊಡವೆ ಬಂದವು. ಮೂರನೇ ಗರಿಯ ಕೆಳಗೆ ಸಾಸಿವೆಗಿಂತ ಸಣ್ಣದೊಂದು ಕಪ್ಪು ಚುಕ್ಕೆ ಬಂತು. ಮತ್ತೆ ತೆರೆದೆ, ಹೋಯಿತು. ಮುಚ್ಚಿದೆ, ಬಂತು.

"ಇದು ಯಾವ ಸಾಫ್ಟ್‌ವೇರು ಅಕ್ಕ?" ಎಂದಳು.

"ಇದು ನಾನು" ಎಂದೆ.

ನನ್ನ ಗಂಡ ಒಳಕ್ಕೆ ಹೋಗಿಬಿಟ್ಟರು, ಅವರು ಯಾವತ್ತೂ ಸಮಯಕ್ಕೆ ಸರಿಯಾಗಿ ಹೋಗುತ್ತಾರೆ. ಅವಳು ಬೈಯುತ್ತಾಳೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಅವಳು ಸೂಜಿಯನ್ನು ಒಂದು ಬಟ್ಟೆ ಚೂರಿಗೆ ಚುಚ್ಚಿ ಇಟ್ಟುಕೊಂಡು, "ಶುಕ್ರವಾರಕ್ಕೆ ಆಯ್ತದಾ?" ಎಂದು ಮಾತ್ರ ಕೇಳಿದಳು.

ಆಗಿಸಲೇಬೇಕಿತ್ತು. ಮಾರನೇ ದಿನದಿಂದ ಅವಳು ದಿನಾ ಬಂದು ಪಕ್ಕದಲ್ಲಿ ಕೂತಳು. ನಾನು ಹನ್ನೆರಡು ವರ್ಷದಲ್ಲಿ ಕಲಿತ ಕೆಲಸವನ್ನು ಹಿಂದುಮುಂದು ಮಾಡಬೇಕಾಯಿತು. ಮೊದಲೆಲ್ಲ ಒರೆಸಿ, ತಿದ್ದಿ, ಆಮೇಲೆ ಹಿಗ್ಗಿಸುತ್ತಿದ್ದೆ. ತಿದ್ದಿದ್ದನ್ನು ಹಿಗ್ಗಿಸಿದರೆ ತಪ್ಪೂ ಹಿಗ್ಗುತ್ತದೆ. ಈ ಸಲ ಮೂಲದಿಂದ ಶುರು ಮಾಡಿದೆ. ಕಾಳುಕಾಳು ತೆಗೆಯುವುದನ್ನು ಸೊನ್ನೆಗೆ ಇಳಿಸಿದೆ. ಮುಖ ತಿದ್ದುವುದನ್ನು ನಿಲ್ಲಿಸಿದೆ. ವಿವರ ಹುಟ್ಟಿಸುವ ಸಾಫ್ಟ್‌ವೇರನ್ನು ಮುಟ್ಟಲಿಲ್ಲ, ಇದ್ದದ್ದನ್ನಷ್ಟೇ ದೊಡ್ಡದು ಮಾಡುವ ಹಳೇದರಲ್ಲಿ ಹಾಕಿದೆ. ಮೂಲವೇ ದೊಡ್ಡದಿದ್ದರಿಂದ ಮೂರು ಪಟ್ಟು ಹಿಗ್ಗಿಸಿದರೆ ಸಾಕಾಯಿತು. ಹಿಗ್ಗಿಸಿದ ಚಿತ್ರದ ಮೇಲೆ ಮೂಲವನ್ನು ಅದೇ ಅಳತೆಗೆ ಹಾಸಿ, ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡಿದೆವು. ಅವಳು ಸೂಜಿ ಹಿಡಿದು ಒಂದೊಂದು ದಾರವನ್ನೂ ಹೊಕ್ಕ ಕಡೆಯಿಂದ ಹೊರಟ ಕಡೆಯವರೆಗೆ ನಡೆಸಿಕೊಂಡು ಹೋದಳು. ಎಲ್ಲಾದರೂ ದಾರ ದಾರಿ ತಪ್ಪಿದರೆ ಅಷ್ಟು ಜಾಗಕ್ಕೆ ಮೂಲದ ತುಣುಕನ್ನೇ ಮತ್ತೆ ಕೂರಿಸಿದೆ.

ಆಮೇಲೆ ಬಣ್ಣ. ಚೌಲ್ಟ್ರಿಯ ನೇರಳೆ ಲೈಟು ಜರಿಯ ಮೇಲೆಲ್ಲ ಬಿದ್ದಿತ್ತು. ಬೆಳಕು ನೆರಳನ್ನು ಮುಟ್ಟದೆ ಬಣ್ಣವನ್ನು ಮಾತ್ರ ತಿದ್ದಿದೆ, ಏಕೆಂದರೆ ಎಳೆಯ ಪಕ್ಕದ ನೆರಳೇ ಎಳೆಯನ್ನು ತೋರಿಸುವುದು. ನೆರಳು ಹೋದರೆ ಮತ್ತೆ ಬೆಣ್ಣೆ. ಹಿಂದಿನ ಚೌಲ್ಟ್ರಿಯನ್ನು ಬೇರೆ ಮಾಡಿ ತೆಗೆದೆ, ಅದು ಎಷ್ಟು ಮಸುಕಾದರೂ ಯಾರಿಗೂ ನಷ್ಟವಿಲ್ಲ.

ತೋಳಿನ ಮೇಲ್ಭಾಗದಲ್ಲಿ ಹಾರದಿಂದ ಉದುರಿದ ಒಂದು ಗುಲಾಬಿ ಎಸಳು ಅಂಟಿಕೊಂಡಿತ್ತು. ನನ್ನ ಬೆರಳು ಆಗಲೇ ಅತ್ತ ಹೊರಟಿತ್ತು.

"ಬುಡಿ ಅಕ್ಕ ಅದನ್ನ."

"ಅಸಹ್ಯವಾಗಿ ಕಾಣುತ್ತಲ್ಲಮ್ಮ."

"ಅದರ ಕೆಳಗೆ ಏನೈತೆ ಅಂತ ನಂಗೊತ್ತು. ನಿಮ್ಗೆ ಗೊತ್ತಿಲ್ಲ, ನಿಮ್ ಕಂಪ್ಯೂಟ್ರಿಗೂ ಗೊತ್ತಿಲ್ಲ. ಏನ್ ಬರೀತೀರಿ ಅಲ್ಲಿ?"

ಎಸಳು ಉಳಿಯಿತು. ಮೊಣಕೈ ಹತ್ತಿರ ಫೋಕಸ್ ತಪ್ಪಿ ಎರಡು ಎಲೆ ಮಸುಕಾಗಿದ್ದವು. ಅವೂ ಹಾಗೇ ಉಳಿದವು. ಮಸುಕಾದ ಜಾಗವೂ ಕೂರಿಸಿದ ತುಣುಕುಗಳೂ ಕಣ್ಣಿಗೆ ಹೊಡೆಯದಿರಲಿ ಎಂದು ಇಡೀ ಚಿತ್ರಕ್ಕೆ ಒಂದೇ ಸಮ ತೆಳ್ಳಗೆ ಕಾಳುಕಾಳು ಉದುರಿಸಿದೆ. ತೆಗೆಯುವುದಕ್ಕೆ ದುಡ್ಡು ತಗೊಳ್ಳುವವಳು ಉದುರಿಸುತ್ತ ಕೂತಿದ್ದನ್ನು ನೋಡಿ ನನ್ನ ಗಂಡ ನಕ್ಕು ಒಳಗೆ ಹೋದರು.

ಮುದ್ರಣ ಮಂಡ್ಯದಲ್ಲಿ. ಅಲ್ಲಿಯವರು ಫೋನಿನಲ್ಲಿ ಕಳಿಸಿ ಮೇಡಂ ಎಂದರು. ಫೋನಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ದಾರಿಯಲ್ಲೇ ಹಿಂಡಿ ಸಣ್ಣದು ಮಾಡುತ್ತದೆ, ಇಷ್ಟು ದಿನದ ಕೆಲಸ ಅರ್ಧ ನಿಮಿಷದಲ್ಲಿ ಹಾಳು. ಪೆನ್‌ಡ್ರೈವ್ ಹಿಡಿದು ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ರಸ್ತೆಬದಿಯ ಫ್ಲೆಕ್ಸನ್ನು ದೂರದಿಂದ ನೋಡುತ್ತಾರೆ, ಇದನ್ನು ಮೂಗು ತಾಗಿಸಿ ನೋಡುವವರಿದ್ದಾರೆ ಎಂದು ಹೇಳಿ ದಪ್ಪ ಫೋಟೊ ಕಾಗದವನ್ನೇ ಹಾಕಿಸಿದೆ. ಮೊದಲು ಮೂರನೇ ಗರಿಯಿರುವ ಒಂದು ಗೇಣು ಪಟ್ಟಿಯನ್ನು ನಿಜದ ಅಳತೆಗೆ ತೆಗೆಸಿ ನೋಡಿದೆವು. ಸರಪಳಿಯ ಕೊಂಡಿಗಳು ಒಂದರೊಳಗೊಂದು ಬಿಡಿಬಿಡಿಯಾಗಿ ಕಂಡವು. ಗಂಟು ಕಡ್ಲೆಕಾಳಿನಷ್ಟಾಗಿತ್ತು. ಮುದ್ರಿಸುವಾತ, "ಮೇಡಂ, ಇಲ್ಲೊಂದು ಕಪ್ ಚುಕ್ಕೆ ಐತೆ, ತೆಗ್ದು ಬಿಡ್ಲಾ?" ಎಂದ. ಇಬ್ಬರೂ ಒಟ್ಟಿಗೆ ಬ್ಯಾಡ ಎಂದು ಕೂಗಿದ್ದಕ್ಕೆ ಅವನು ಮೌಸಿನಿಂದ ಕೈ ತೆಗೆದ.

ಶುಕ್ರವಾರ ಪೂಜೆಯಾಯಿತು. ಮಳಿಗೆ ಚಿಕ್ಕದು, ಒಂದು ಗೋಡೆ ಪೂರ್ತಿ ನವಿಲು ತೋಳು. ಬಂದವರಿಗೆಲ್ಲ ಅವಳ ತಾಯಿ ಕೇಸರಿಬಾತ್ ಕೊಡುತ್ತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಪೂರಿಗಾಲಿಯ ಅಜ್ಜಿ ಬಂದರು, ಜೊತೆಗೆ ಕೈ ಮುರಿದುಕೊಂಡಿದ್ದ ಮೊಮ್ಮಗಳು. ಅಜ್ಜಿಯನ್ನು ಕರೆದವಳು ಅಂಗಡಿಯವಳೇ, ಮನೆಗೆ ಹೋಗಿ ಕುಂಕುಮ ಕೊಟ್ಟು ಬಂದಿದ್ದಳು. ಬೈಯುವುದಕ್ಕಾದರೂ ಬರುತ್ತಾರೆ ಎಂಬ ನಂಬಿಕೆ ಅವಳಿಗಿತ್ತು.

ಅಜ್ಜಿ ಕೇಸರಿಬಾತ್ ಮುಟ್ಟಲಿಲ್ಲ. ನೆಟ್ಟಗೆ ಗೋಡೆಯ ಹತ್ತಿರ ಹೋಗಿ, ಸೆರಗಿನಿಂದ ಕನ್ನಡಕ ಒರೆಸಿ, ತೋಳಿನ ಮೇಲಿನಿಂದ ಹುಡುಕುತ್ತ ಬಂದರು. ಯಾರೂ ಎಲ್ಲಿ ಎಂದು ಹೇಳಲಿಲ್ಲ. ಮೂರನೇ ಗರಿಯ ಹತ್ತಿರ ಅವರ ಬೆರಳು ನಿಂತಿತು.

"ಐತೆ" ಎಂದರು.

ಆಮೇಲೆ ಅಂಗಡಿಯವಳ ಕಡೆ ತಿರುಗಿ ಕೇಳಿದರು. "ಆಲ್ಬಮ್ಮಾಗೆ ಇರ್ಲಿಲ್ವಲ್ಲೇ? ಈಗ ಎಲ್ಲಿಂದ ಬಂತು? ಕಂಪ್ಯೂಟ್ರಾಗೆ ಬರ್ಸಿದ್ಯಾ?"

ಅವಳು ನನ್ನ ಕಡೆ ನೋಡಲಿಲ್ಲ. ಅದು ನನಗೆ ಇವತ್ತಿಗೂ ನೆನಪಿದೆ. ಇವರೇ ಒರೆಸಿದ್ದು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಂಗಡಿ ತುಂಬ ಜನ ಇದ್ದರು. ಅವಳು ಕೇಸರಿಬಾತಿನ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ಆಡಬೇಕಾದ ಮಾತು ನನ್ನದೆಂದು ನನಗೆ ಬಿಟ್ಟಿದ್ದಳು.

"ಮೂಲ ಫೋಟೊದಲ್ಲಿ ಇದೆ ಅಜ್ಜಿ. ಆಲ್ಬಂ ಮಾಡುವಾಗ ನಾನು ಒರೆಸಿಬಿಟ್ಟೆ. ಕೊಳೆ ಅಂದುಕೊಂಡೆ."

ಚೀಲದಲ್ಲಿ ಹೊಸದಾಗಿ ಮುದ್ರಿಸಿದ ಆಲ್ಬಂ ಪುಟ ಇತ್ತು, ಗಂಟಿರುವ ಪುಟ. ತೆಗೆದು ಕೊಟ್ಟೆ. ಅಜ್ಜಿ ಅದನ್ನು ನೋಡಲಿಲ್ಲ, ಮೊಮ್ಮಗಳ ಕೈಗೆ ಕೊಟ್ಟರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು, ಗಂಟನ್ನು ಹುಡುಕಿದ ಹಾಗೆ.

"ಇವ್ಳಿಗೆ ಸುಳ್ಳಿ ಅಂದೆ. ಊರೂರ ಮೇಲೆ ಏಳ್ದೆ. ಎಂಟು ತಿಂಗ್ಳು ಇವ್ಳ ಒಲೆ ಮೇಲೆ ನೀರು ಉಯ್ದೆ. ನೀನು ಎಲ್ಲಿದ್ದವ್ವಾ?"

"ಇಲ್ಲೇ, ಬಸ್ ಸ್ಟ್ಯಾಂಡ್ ಹತ್ರ" ಎಂದೆ.

"ಆರಾಮಾಗಿದ್ದೆ" ಎಂದರು ಅಜ್ಜಿ.

ಹೌದು, ಆರಾಮಾಗಿದ್ದೆ. ಆ ಎಂಟು ತಿಂಗಳಲ್ಲಿ ನಾನು ಎಷ್ಟು ಮದುವೆಗಳನ್ನು ಒರೆಸಿದೆನೋ ಲೆಕ್ಕವಿಲ್ಲ.

ಅಜ್ಜಿ ತಮ್ಮ ಚೀಲದಿಂದ ಹೊಸ ಹಸಿರು ರವಿಕೆ ಬಟ್ಟೆ ತೆಗೆದು ಅವಳ ಕೈಯಲ್ಲಿಟ್ಟರು. ಗಂಟು ಇಲ್ಲದಿದ್ದರೆ ವಾಪಸ್ ಒಯ್ಯುವುದಕ್ಕೆ, ಇದ್ದರೆ ಕೊಡುವುದಕ್ಕೆ ಮೊದಲೇ ತಂದಿದ್ದರು. "ಅದೇ ನವಿಲು. ಅದೇ ತೋಳು" ಎಂದರು. ಆಮೇಲೆ ತಟ್ಟೆ ತೆಗೆದುಕೊಂಡು ಕೂತು ಕೇಸರಿಬಾತ್ ತಿಂದರು.

ನಾನು ಸ್ಟುಡಿಯೋಗೆ ವಾಪಸ್ ಬಂದೆ. ಬೆಳಿಗ್ಗೆ ಅರ್ಧಕ್ಕೆ ಬಿಟ್ಟುಹೋಗಿದ್ದ ಮದ್ದೂರಿನ ಒಂದು ಮದುಮಗಳು ಪರದೆಯ ಮೇಲೆ ಹಾಗೇ ಇದ್ದಳು. ರವಿಕೆಯ ಬೆನ್ನಿನ ಮೇಲೆ ಒಂದು ಕಪ್ಪು ಚುಕ್ಕೆ. ದೊಡ್ಡದು ಮಾಡಿ ನೋಡಿದೆ. ನೊಣ ಇರಬಹುದು, ಗಂಟೂ ಇರಬಹುದು. ಮೌಸ್ ಕೆಳಗಿಟ್ಟು, ಆ ಹುಡುಗಿಯ ಮನೆಗೆ ಫೋನ್ ಮಾಡಿ, ರವಿಕೆ ಹೊಲಿದವರು ಯಾರು ಎಂದು ಕೇಳಿದೆ.